ಜನವರಿ 6ರಂದು ಹುಟ್ಟಿದವರು

ಉಡುಪಿ ತಾಲೂಕಿನ ಒಂದು ಸಹಕಾರಿ ಸಂಘದ ಹಳೆಯ ಸದಸ್ಯತ್ವದ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. 1970ರ ದಶಕದ ಕೊನೆಯಿಂದ ಸುಮಾರು 2010ರವರೆಗಿನವು, ಹತ್ತಿರ ಹತ್ತಿರ ನಾಲ್ಕು ಸಾವಿರ. ಸ್ಕ್ಯಾನ್ ಆಗಿತ್ತು. ಹೆಸರು, ವಿಳಾಸ, ಷೇರಿನ ಮೊತ್ತ ಇವೆಲ್ಲ ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ತಾರೀಕು. ಪ್ರತಿ ಅರ್ಜಿಯಲ್ಲಿ ಹುಟ್ಟಿದ ತಾರೀಕು ಮತ್ತು ಅರ್ಜಿ ಕೊಟ್ಟ ತಾರೀಕು ಇರುತ್ತದೆ. ಹೊಸ ತಂತ್ರಾಂಶಕ್ಕೆ ಎರಡೂ 1958-06-01 ಎಂಬ ಒಂದೇ ರೂಪದಲ್ಲಿ ಬೇಕು. ಅರ್ಜಿಗಳಲ್ಲಿ ಇದ್ದದ್ದು 1-6-58, 1.6.1958, 01/06/58, ೧-೬-೫೮, 1ನೇ ಜೂನ್ 1958, ಹೀಗೆ ಬರೆದವರ ಕೈಗೆ ಬಂದ ಹಾಗೆ.

ಕನ್ನಡ, ಇಂಗ್ಲಿಷ್ ಎರಡನ್ನೂ ಓದುವಂತೆ ಹೊಂದಿಸಿದ ಓಸಿಆರ್‌ಗೆ ಇಡೀ ಪುಟ ಕೊಡದೆ ತಾರೀಕಿನ ಜಾಗವನ್ನಷ್ಟೇ ಕತ್ತರಿಸಿ ಕೊಟ್ಟೆ. ಕತ್ತರಿಸಿದ ಚಿತ್ರದ ತುಣುಕನ್ನು ಆಯಾ ಸಾಲಿನ ಜತೆಗೇ ಇಟ್ಟುಕೊಂಡೆ. ಮುಂದೆ ಜೀವ ಉಳಿಸಿದ್ದು ಆ ತುಣುಕುಗಳೇ.

ಓದಿ ಬಂದ ಪಠ್ಯವನ್ನು ತಾರೀಕಾಗಿಸಲು ಮೊದಲು ಪೈಥಾನಿನ `dateutil` ಬಳಸಿದೆ. ಯಾವ ರೂಪ ಕೊಟ್ಟರೂ ನುಂಗುತ್ತದೆ ಎಂಬ ಕಾರಣಕ್ಕೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಕೂಡಲೇ ಕಣ್ಣಿಗೆ ಬಿದ್ದದ್ದು 2058ರಲ್ಲಿ ಹುಟ್ಟಿದ ಸದಸ್ಯರು. ಎರಡೇ ಅಂಕೆಯ ವರ್ಷ ಸಿಕ್ಕರೆ ಅದು ಇವತ್ತಿನಿಂದ ಆಚೀಚೆ ಐವತ್ತು ವರ್ಷದೊಳಗೆ ಹುಡುಕುತ್ತದೆ, ಹಾಗಾಗಿ 58 ಎಂದರೆ 2058. ಇದನ್ನು ಸರಿಪಡಿಸುವುದು ಸುಲಭ. ಅರ್ಜಿ ಕೊಡುವ ಹೊತ್ತಿಗೆ 18 ತುಂಬಿರಲೇಬೇಕು, ಆದ್ದರಿಂದ ಹುಟ್ಟಿದ ವರ್ಷ ಅರ್ಜಿಯ ವರ್ಷಕ್ಕಿಂತ ಕಡಿಮೆಪಕ್ಷ 18 ಹಿಂದೆ ಬೀಳುವ ಹಾಗೆ ಶತಮಾನ ಆರಿಸಿದರಾಯಿತು. ಆರಿಸಿದೆ, ಎಲ್ಲ ಸರಿಹೋಯಿತು ಅಂದುಕೊಂಡು ಪಟ್ಟಿ ಮುದ್ರಿಸಿ ಸಂಘಕ್ಕೆ ಒಯ್ದೆ.

ಅಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಪರಿಶೀಲನೆಗೆ ಬರುತ್ತಿದ್ದರು. ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೋದವರು ನಿಂತರು. "ಇದೆಂತ ಮಾರಾಯ್ರೆ, ಜನವರಿ ಆರಕ್ಕೆ ಇಷ್ಟು ಜನ ಹುಟ್ಟಿದ್ದಾರಾ?"

ನಾನು ನೋಡಿರಲಿಲ್ಲ. ಹೌದು, ಪುಟಕ್ಕೆ ನಾಲ್ಕೈದು ಮಂದಿ.

"ಜೂನ್ ಒಂದು ಆದ್ರೆ ಸರಿ. ಅದು ಶಾಲೆಯ ಮಾಸ್ಟ್ರು ಕೊಟ್ಟ ತಾರೀಕು. ಜನವರಿ ಆರು ಯಾರು ಕೊಟ್ಟದ್ದು?"

ನಮ್ಮ ಹಿಂದಿನ ತಲೆಮಾರಿನ ಬಹಳಷ್ಟು ಜನರಿಗೆ ಹುಟ್ಟಿದ ದಿನದ ದಾಖಲೆ ಇರಲಿಲ್ಲ. ಒಂದನೇ ತರಗತಿಗೆ ಸೇರಿಸುವಾಗ ಮಾಸ್ಟ್ರು ವಯಸ್ಸಿಗೆ ಹೊಂದುವ ಹಾಗೆ ಜೂನ್ 1 ಎಂದು ಬರೆದುಬಿಡುತ್ತಿದ್ದರು, ಶಾಲೆ ಶುರುವಾಗುವ ತಿಂಗಳು ಅದೇ ಆದ್ದರಿಂದ. ಅದೇ ತಾರೀಕು ಮುಂದೆ ಎಲ್ಲ ಕಾಗದಕ್ಕೂ ಬಂತು. ಹಾಗಾಗಿ ಇಂಥ ಅರ್ಜಿಗಳಲ್ಲಿ ಜೂನ್ 1 ರಾಶಿ ಬಿದ್ದಿರಲೇಬೇಕು. ನನ್ನ ಪಟ್ಟಿಯಲ್ಲಿ ರಾಶಿ ಜನವರಿ 6ರಲ್ಲಿತ್ತು, ಅಂದರೆ ದಿನ ಮತ್ತು ತಿಂಗಳು ಅದಲುಬದಲಾಗಿದ್ದವು.

```python
from dateutil.parser import parse
parse("1-6-58")                     # 2058-01-06
parse("1-6-58", dayfirst=True)      # 2058-06-01
parse("25-6-58")                    # 2058-06-25
parse("1984-05-03", dayfirst=True)  # 1984-03-05
```

ಮೊದಲ ಸಾಲು ಅಮೆರಿಕದವರ ಕ್ರಮ, ತಿಂಗಳು ಮುಂದೆ. ಮೂರನೆಯ ಸಾಲಿನಲ್ಲಿ 25 ತಿಂಗಳಾಗಲು ಸಾಧ್ಯವಿಲ್ಲವಾದ್ದರಿಂದ ಅದು ತನ್ನಷ್ಟಕ್ಕೆ ಕ್ರಮ ಬದಲಿಸಿಕೊಳ್ಳುತ್ತದೆ, ಏನೂ ಹೇಳುವುದಿಲ್ಲ. ಅಪಾಯ ಇರುವುದು ಇಲ್ಲೇ. 12ಕ್ಕಿಂತ ದೊಡ್ಡ ದಿನಗಳೆಲ್ಲ ಸರಿಯಾಗಿ ಬರುತ್ತವೆ, ಹತ್ತು ಸಾಲು ತೆಗೆದು ನೋಡಿದರೆ ಆರೇಳು ಸರಿ ಕಾಣುತ್ತವೆ. ವರ್ಷದ 365 ದಿನಗಳಲ್ಲಿ ಹೀಗೆ ಅದಲುಬದಲಾಗಿಯೂ ಸರಿಯಾದ ತಾರೀಕಿನಂತೆ ಕಾಣುವವು 132. ಹನ್ನೆರಡು ತಿಂಗಳಲ್ಲಿ ತಲಾ ಮೊದಲ ಹನ್ನೆರಡು ದಿನ ಸೇರಿ 144, ಅದರಲ್ಲಿ 5-5ರಂತೆ ಎರಡೂ ಒಂದೇ ಆದ ಹನ್ನೆರಡನ್ನು ಕಳೆದರೆ ಅಷ್ಟು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ತಾರೀಕು ಯಾವ ದೋಷವನ್ನೂ ತೋರಿಸದೆ ತಪ್ಪಾಗಬಹುದು. `dayfirst=True` ಹಾಕಿದರೆ ಪೂರ್ತಿ ಪರಿಹಾರವೂ ಅಲ್ಲ. ನಾಲ್ಕನೆಯ ಸಾಲು ನೋಡಿ, ವರ್ಷ ಮುಂದಿರುವ ಮೇ 3 ಮಾರ್ಚ್ 5 ಆಗಿಬಿಟ್ಟಿತು.

ಅಂದೇ `dateutil` ಬಿಟ್ಟೆ. ಪಠ್ಯದ ಆಕಾರ ನೋಡಿ ಒಂದೊಂದು ಆಕಾರಕ್ಕೂ ಒಂದೇ ಅರ್ಥ ಕೊಡುವ ನಿಯಮಗಳನ್ನು `strptime`ನಲ್ಲಿ ಬರೆದೆ, ಯಾವ ನಿಯಮಕ್ಕೂ ಸಿಗದ್ದು ತಾರೀಕಾಗದೆ ಹಾಗೇ ಉಳಿಯಲಿ ಎಂದು. `%y` ಕೂಡ ತನ್ನದೇ ಗೆರೆ ಎಳೆಯುತ್ತದೆ, 69ರಿಂದ 99ರವರೆಗೆ 1900ರ ಲೆಕ್ಕ, 00ರಿಂದ 68ರವರೆಗೆ 2000ದ ಲೆಕ್ಕ. ಆದ್ದರಿಂದ ಶತಮಾನದ ನಿಯಮ ಅದಾದ ಮೇಲೆ ಮತ್ತೆ ಓಡಬೇಕು.

ನಮ್ಮಲ್ಲಿ ಕೈಯಲ್ಲಿ ಬರೆಯುವವರು ದಿನವನ್ನೇ ಮೊದಲು ಬರೆಯುತ್ತಾರೆ, ಅಲ್ಲಿ ತರ್ಕಕ್ಕೆ ಜಾಗವಿಲ್ಲ. ಆದರೆ ಕೆಲವು ಅರ್ಜಿಗಳಿಗೆ 1990ರ ದಶಕದ ಕೊನೆಯ ಕಂಪ್ಯೂಟರ್ ರಶೀದಿ ಲಗತ್ತಾಗಿತ್ತು. ಅವುಗಳಲ್ಲಿ ಒಂದರ ತಾರೀಕು 03/14/1998. ಹದಿನಾಲ್ಕನೇ ತಿಂಗಳಿಲ್ಲ, ಅಂದರೆ ಆ ಯಂತ್ರ ತಿಂಗಳನ್ನು ಮುಂದೆ ಹಾಕುತ್ತಿತ್ತು. ಹಾಗಿದ್ದರೆ ಅದೇ ಯಂತ್ರದ 04/05/1998 ಕೂಡ ಏಪ್ರಿಲ್ 5 ಆಗಬೇಕು, ಮೇ 4 ಅಲ್ಲ. ಒಂಟಿ ತಾರೀಕಿನ ಮುಖ ನೋಡಿ ಇದನ್ನು ಹೇಳಲಾಗದು. ಅದೇ ಅಚ್ಚಿನ ರಶೀದಿಗಳನ್ನೆಲ್ಲ ಒಟ್ಟುಮಾಡಿ, 12 ದಾಟಿದ ಅಂಕೆ ಮೊದಲ ಜಾಗದಲ್ಲಿದೆಯೋ ಎರಡನೆಯದರಲ್ಲೋ ಎಂದು ಎಣಿಸಿದರೆ ಆ ಕಟ್ಟಿನ ಕ್ರಮ ಗೊತ್ತಾಗುತ್ತದೆ. ಎರಡೂ ಜಾಗದಲ್ಲಿ ಸಿಕ್ಕರೆ ಕಟ್ಟು ಸರಿಯಾಗಿ ಬೇರ್ಪಟ್ಟಿಲ್ಲ ಎಂದರ್ಥ. ನನಗೂ ಒಮ್ಮೆ ಹಾಗಾಯಿತು, ಎರಡು ಬೇರೆ ಯಂತ್ರಗಳ ರಶೀದಿಯನ್ನು ಒಂದೇ ಎಂದು ತಿಳಿದಿದ್ದೆ.

ಇನ್ನೊಂದು ತಪ್ಪು ಇದಕ್ಕಿಂತ ಆಳದ್ದು, ಅದು ಕನ್ನಡ ಅಂಕೆಗಳದ್ದು. ಒಂದು ಅರ್ಜಿಯ ಹುಟ್ಟಿದ ತಾರೀಕು ನನ್ನ ಪಟ್ಟಿಯಲ್ಲಿ 1886-07-18 ಎಂದಿತ್ತು. ಅರ್ಜಿಯ ಮೇಲಿನ ರಬ್ಬರ್ ಸ್ಟಾಂಪು 20 AUG 1984. ತೊಂಬತ್ತೆಂಟು ವರ್ಷದವರು ಹೊಸದಾಗಿ ಸದಸ್ಯರಾದದ್ದು ಹೇಗೆ? ನನ್ನ ಶತಮಾನದ ನಿಯಮವೇ 86ನ್ನು 1886ಕ್ಕೆ ತಳ್ಳಿತ್ತು. 1986 ಎಂದರೆ ಅರ್ಜಿ ಕೊಟ್ಟ ಮೇಲೆ ಹುಟ್ಟಿದ ಹಾಗಾಗುತ್ತದೆ. ವಯಸ್ಸಿನ ಜಾಗದಲ್ಲಿ 38 ಎಂದಿತ್ತು.

ಓಸಿಆರ್ ಕೊಟ್ಟ ಮೂಲ ಪಠ್ಯ ತೆಗೆದೆ: ೧8-೭-8೬. ನೋಡಿದ ಕೂಡಲೇ ಹೊಳೆಯಿತು. ಒಂದೇ ತಾರೀಕಿನಲ್ಲಿ ಕನ್ನಡ ಅಂಕೆ, ಇಂಗ್ಲಿಷ್ ಅಂಕೆ ಬೆರೆಸಿ ಬರೆಯುವವರು ಬಹಳ ಕಡಿಮೆ. ಕನ್ನಡದ ೪ ಕೈಬರಹದಲ್ಲಿ ಇಂಗ್ಲಿಷಿನ 8ರ ಹಾಗೇ ಕಾಣುತ್ತದೆ, ಮೇಲಿನ ಕೊಂಡಿ ಮುಚ್ಚಿಹೋದರಂತೂ ವ್ಯತ್ಯಾಸವೇ ಇಲ್ಲ. ಚಿತ್ರದ ತುಣುಕು ತೆರೆದೆ. ದಿನದಲ್ಲೂ ವರ್ಷದಲ್ಲೂ ಇದ್ದದ್ದು ೪. ಅಂದರೆ ೧೪-೭-೪೬. 1984ರ ಆಗಸ್ಟ್ 20ಕ್ಕೆ 38 ತುಂಬಿದವರು 1945ರ ಆಗಸ್ಟ್ 21 ಮತ್ತು 1946ರ ಆಗಸ್ಟ್ 20ರ ನಡುವೆ ಹುಟ್ಟಿರಬೇಕು. 1946ರ ಜುಲೈ 14 ಅದರೊಳಗೆ ಬೀಳುತ್ತದೆ. ಗಮನಿಸಬೇಕಾದದ್ದು, ಜುಲೈ 18 ಕೂಡ ಅದರೊಳಗೇ ಬೀಳುತ್ತದೆ. ವಯಸ್ಸಿನ ಲೆಕ್ಕ ವರ್ಷವನ್ನು ಸರಿಪಡಿಸಿತು, ದಿನವನ್ನು ಸರಿಪಡಿಸಿದ್ದು ಚಿತ್ರ ಮಾತ್ರ.

ನಾನು ಮಾಡಿದ್ದ ತಪ್ಪು, ಎಲ್ಲಕ್ಕಿಂತ ಮೊದಲು ಕನ್ನಡ ಅಂಕೆಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದ್ದು. ತಿರುಗಿಸಿದ ಮೇಲೆ 18-7-86 ಅಚ್ಚುಕಟ್ಟಾಗಿ ಕಾಣುತ್ತದೆ, ಬೆರಕೆಯ ಸುಳಿವು ಅಳಿಸಿಹೋಗುತ್ತದೆ. ಈಗ ತಿರುಗಿಸುವ ಮೊದಲು ಬೆರಕೆ ಇದೆಯೇ ಎಂದು ನೋಡುತ್ತೇನೆ.

```python
def berake(s):
    k = any("೦" <= c <= "೯" for c in s)
    e = any("0" <= c <= "9" for c in s)
    return k and e
```

ಬೆರಕೆಯಾದದ್ದೆಲ್ಲ ಕಣ್ಣಲ್ಲಿ ನೋಡುವ ಸರದಿಗೆ ಹೋಗುತ್ತದೆ. ತಾನಾಗಿ 8ನ್ನು ೪ ಮಾಡುವುದಿಲ್ಲ, ಏಕೆಂದರೆ ಕೆಲವು ಅರ್ಜಿಗಳಲ್ಲಿ 19 ಎಂದು ಮೊದಲೇ ಇಂಗ್ಲಿಷಿನಲ್ಲಿ ಅಚ್ಚಾಗಿದ್ದು, ಉಳಿದದ್ದನ್ನು ಕನ್ನಡದಲ್ಲಿ ತುಂಬಿದ್ದಾರೆ. ಅಲ್ಲಿ ಬೆರಕೆ ನಿಜವಾದದ್ದೇ. ಸೊನ್ನೆಯ ಬಗ್ಗೆಯೂ ಒಂದು ಮಾತು: ಓಸಿಆರ್ ಎಷ್ಟೋ ಸಲ ಅಂಕೆಯ ೦ ಬದಲಿಗೆ ಅನುಸ್ವಾರದ ಂ ಕೊಡುತ್ತದೆ. ಪರದೆಯ ಮೇಲೆ ಎರಡೂ ಒಂದೇ, ಯೂನಿಕೋಡ್‌ನಲ್ಲಿ ಬೇರೆ. ಅಂಕೆಗಳ ನಡುವೆ ಅನುಸ್ವಾರ ಸಿಕ್ಕರೆ ಅದನ್ನು ಸೊನ್ನೆ ಮಾಡಲು ಹೆದರಬೇಕಿಲ್ಲ.

ಅರ್ಜಿಯ ತಾರೀಕನ್ನು ಪರೀಕ್ಷಿಸಲು ಅರ್ಜಿಯ ತಲೆಬರಹವೂ ನೆರವಾಯಿತು. ಉಡುಪಿ ಜಿಲ್ಲೆ ದಕ್ಷಿಣ ಕನ್ನಡದಿಂದ ಬೇರೆಯಾದದ್ದು 1997ರ ಆಗಸ್ಟಿನಲ್ಲಿ. ಹಾಗಾಗಿ "ಉಡುಪಿ ಜಿಲ್ಲೆ" ಎಂದು ಅಚ್ಚಾದ ಅರ್ಜಿಯಲ್ಲಿ 12-3-88 ಎಂದು ಬಂದರೆ ಓದಿದ್ದು ತಪ್ಪು, ಅದು 98. ಇದು ಒಂದೇ ದಿಕ್ಕಿಗೆ ನಡೆಯುವ ಲೆಕ್ಕ. "ದ.ಕ. ಜಿಲ್ಲೆ" ಎಂದಿರುವ ಅರ್ಜಿ 1999ರದ್ದೂ ಆಗಿರಬಹುದು, ಹಳೆಯ ದಾಸ್ತಾನು ಮುಗಿಯುವವರೆಗೆ ಅದನ್ನೇ ಕೊಡುತ್ತಿದ್ದರು ಎಂದು ಆ ಹಿರಿಯರೇ ಹೇಳಿದರು.

ಕೊನೆಗೆ ಪ್ರತಿ ತಾರೀಕಿಗೂ ನಾಲ್ಕು ಕಾಲಮ್ಮು ಉಳಿಯಿತು: ಓಸಿಆರ್ ಕೊಟ್ಟ ಪಠ್ಯ ಒಂದಕ್ಷರ ಬದಲಾಗದೆ `dob_raw`, ಆಗಬಹುದಾದ ಮೊದಲ ದಿನ `dob_from`, ಕೊನೆಯ ದಿನ `dob_to`, ಯಾವ ನಿಯಮದಿಂದ ಬಂತೆಂಬ `dob_rule`. ಖಚಿತವಾದ ತಾರೀಕಿಗೆ ಮೊದಲ ದಿನ, ಕೊನೆಯ ದಿನ ಎರಡೂ ಒಂದೇ. ರಶೀದಿ ಯಂತ್ರದ ಕ್ರಮ ತಪ್ಪು ಹಿಡಿದಿದ್ದೆ ಎಂದು ಗೊತ್ತಾದಾಗ ಆ ನಿಯಮದ ಸಾಲುಗಳನ್ನಷ್ಟೇ ಹೆಕ್ಕಿ ಮತ್ತೆ ಓಡಿಸಿದ್ದು ನಾಲ್ಕನೆಯ ಕಾಲಮ್ಮಿನಿಂದ.

ಎರಡು ದಿನಗಳ ಕಾಲಮ್ಮು ಏಕೆ ಬೇಕಾಯಿತೆಂದರೆ, "June 1958" ಎಂದಷ್ಟೇ ಬರೆದವರಿದ್ದರು. `dateutil` ಅದಕ್ಕೆ ಓಡಿಸಿದ ದಿನದ ತಾರೀಕನ್ನೇ ಸೇರಿಸಿ ಪೂರ್ತಿ ಮಾಡಿತ್ತು. ಇನ್ನು ಕೆಲವರು ತುಳು ತಿಂಗಳಲ್ಲಿ ಬರೆದಿದ್ದರು. "ಆಟಿ 18, 1948" ಎಂಬ ಒಂದು ಅರ್ಜಿ ಕಣ್ಣ ಮುಂದೆಯೇ ಇದೆ, ನೀಲಿ ಶಾಯಿ, ದುಂಡಗಿನ ಅಕ್ಷರ. ಆಟಿ ಶುರುವಾಗುವುದು ಕರ್ಕ ಸಂಕ್ರಮಣದಿಂದ, ಜುಲೈ ನಡುವಿನಲ್ಲಿ. ಸಂಕ್ರಮಣ ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುತ್ತದೆ, ಸಂಕ್ರಮಣದ ದಿನವನ್ನೇ ಒಂದು ಎಂದು ಎಣಿಸಿದರೋ ಮರುದಿನವನ್ನೋ ಎಂಬುದು ಬರೆದವರಿಗೇ ಗೊತ್ತು. ಆಗಸ್ಟ್ 1ರಿಂದ 5 ಎಂದು ಬರೆದಿಟ್ಟೆ. ಹೊಸ ತಂತ್ರಾಂಶ ಒಂದೇ ತಾರೀಕು ಕೇಳುತ್ತದೆ. ಅಂಥವರ ಜಾಗ ಖಾಲಿ ಬಿಟ್ಟು, ಸದಸ್ಯರು ಪಾಸ್‌ಬುಕ್ಕಿಗೆಂದು ಬಂದಾಗ ಆಧಾರ್ ನೋಡಿ ತುಂಬಲು ಕೌಂಟರಿನವರಿಗೆ ಪಟ್ಟಿ ಕೊಟ್ಟಿದ್ದೇನೆ. ಪಟ್ಟಿಯಲ್ಲಿ ಇನ್ನೂ ಮೂವತ್ತೊಂದು ಹೆಸರು ಬಾಕಿ ಉಂಟು.