0.4 ಎಂದರೆ ಆಚೆಗೆ 0.2, ಈಚೆಗೆ 0.2

ತಪಾಸಣೆಯ ವರದಿಯಲ್ಲಿ ವಿಚಲನ 0.125 ಮಿ.ಮೀ. ಎಂದಿತ್ತು, ಡ್ರಾಯಿಂಗ್‌ ಅನುಮತಿಸಿದ್ದು 0.4. ಲೆಕ್ಕ ಸರಿಯಾಗಿದೆ ಎಂದು ಸಹಿ ಬಿತ್ತು. ಜೋಡಣೆಗೆ ಹೋದ ಭಾಗ ಮೇಲಿನ ಕವಚಕ್ಕೆ ಉಜ್ಜಿಕೊಂಡು ವಾಪಸ್ ಬಂತು. ಅಳೆದವರು ಯಂತ್ರವನ್ನು ದೂರಿದರು, ಜೋಡಿಸಿದವರು ಅಳೆದವರನ್ನು ದೂರಿದರು. ನಿಜವಾದ ತಪ್ಪು ಇದ್ದದ್ದು, ಮೇಲ್ಮೈ ತನ್ನ ಆಕಾರದಿಂದ ಎಷ್ಟು ಸರಿಯಬಹುದು ಎಂದು ಹೇಳುವ ಮೇಲ್ಮೈ ಪ್ರೊಫೈಲ್ ಟಾಲರೆನ್ಸ್ ಎಂಬ ಚಿಹ್ನೆಯನ್ನು ಓದಿದ ರೀತಿಯಲ್ಲಿ. ಅದೇ ಭಾಗವನ್ನು ಇಟ್ಟುಕೊಂಡು ಓದುವ ಕ್ರಮವನ್ನು ನೋಡೋಣ.

ಭಾಗ ಸರಳವಾದದ್ದು. ಚಪ್ಪಟೆ ತಳ, ಅದರ ಮೇಲೆ ಕಮಾನಿನಂತೆ ಬಾಗಿದ ಮೇಲ್ಮೈ. ಕಮಾನಿನ ತ್ರಿಜ್ಯ 80 ಮಿ.ಮೀ., ನೆತ್ತಿಯಿಂದ ಎರಡೂ ಪಕ್ಕಕ್ಕೆ 60 ಡಿಗ್ರಿಯವರೆಗೆ ಹಬ್ಬಿದೆ. ಡ್ರಾಯಿಂಗ್‌ನಲ್ಲಿ ಅದಕ್ಕೆ ಮುಚ್ಚಿದ ಅರ್ಧವೃತ್ತದ ಚಿಹ್ನೆ, ಪಕ್ಕದ ಮನೆಯಲ್ಲಿ 0.4, ಅದರಾಚೆ ಡೇಟಮ್‌ಗಳು, ಅಂದರೆ ಅಳತೆಗೆ ಆಧಾರವಾಗುವ ನೆಲೆಗಳು. ತಳವೇ ಮೊದಲ ಡೇಟಮ್.

ಹಂತ 1: ನಿಜ ಪ್ರೊಫೈಲ್, ಅಂದರೆ ಮೇಲ್ಮೈ ಇರಬೇಕಾದ ಆದರ್ಶ ಆಕಾರ, ಹುಡುಕಿ. ಡ್ರಾಯಿಂಗ್‌ನಲ್ಲಿ ಚೌಕಟ್ಟಿನೊಳಗೆ ಬರೆದ ಅಳತೆಗಳೇ ಅದನ್ನು ಕಟ್ಟಿಕೊಡುತ್ತವೆ. ಚೌಕಟ್ಟಿನೊಳಗಿನ 80ಕ್ಕೆ ತನ್ನದೇ ಆದ ಟಾಲರೆನ್ಸ್ ಇರುವುದಿಲ್ಲ. ಮೂಲೆಯಲ್ಲಿ ಅಚ್ಚಾದ ಸಾಮಾನ್ಯ ಟಾಲರೆನ್ಸ್ ಪಟ್ಟಿಯನ್ನು ದಯವಿಟ್ಟು ಅದಕ್ಕೆ ಹಚ್ಚಬೇಡಿ.

ಹಂತ 2: ಅದರ ಸುತ್ತ ವಲಯ ಕಟ್ಟಿ. ಎಡವುವುದು ಇಲ್ಲಿಯೇ. 0.4 ಎಂಬುದು ವಲಯದ ಒಟ್ಟು ದಪ್ಪ. ಬೇರೇನೂ ಬರೆದಿಲ್ಲದಿದ್ದರೆ ಆ ದಪ್ಪ ನಿಜ ಪ್ರೊಫೈಲ್‌ನ ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ: ಹೊರಗೆ 0.2, ಒಳಗೆ 0.2. ಅದನ್ನು ±0.4 ಎಂದು ಓದಿದವರು ವಲಯವನ್ನು ಎರಡು ಪಟ್ಟು ಹಿಗ್ಗಿಸಿದಂತಾಯಿತು.

ಕಣ್ಣಿಗೆ ಕಟ್ಟಬೇಕೆಂದರೆ 0.4 ಮಿ.ಮೀ. ವ್ಯಾಸದ ಪುಟ್ಟ ಗೋಲಿಗಳನ್ನು ಊಹಿಸಿಕೊಳ್ಳಿ. ಪ್ರತಿಯೊಂದರ ಕೇಂದ್ರವೂ ನಿಜ ಪ್ರೊಫೈಲ್‌ನ ಮೇಲೆಯೇ ಇರುವಂತೆ ಮೇಲ್ಮೈ ತುಂಬ ಒತ್ತೊತ್ತಾಗಿ ಹರಡಿ. ಗೋಲಿಗಳನ್ನೆಲ್ಲ ಮೇಲಿನಿಂದ ಮುಟ್ಟುವ ಹೊದಿಕೆ ಒಂದು ಎಲ್ಲೆ, ಕೆಳಗಿನಿಂದ ಮುಟ್ಟುವುದು ಇನ್ನೊಂದು. ಐಎಸ್‌ಒ ಮಾನಕ ವಲಯವನ್ನು ಹೇಳುವುದೂ ಹೀಗೆಯೇ. ನಮ್ಮ ಕಮಾನಿಗೆ ಇವು 79.8 ಮತ್ತು 80.2 ಮಿ.ಮೀ. ತ್ರಿಜ್ಯದ ಎರಡು ಕಮಾನುಗಳು. ಎರಡಕ್ಕೂ ಕೇಂದ್ರ ಒಂದೇ, ಆ ಕೇಂದ್ರ ಎಲ್ಲಿರಬೇಕೆಂದು ನಿರ್ಧರಿಸುವುದು ಡೇಟಮ್‌ಗಳು.

ಹಾಗೆಂದು ತ್ರಿಜ್ಯ 79.8ರಿಂದ 80.2ರೊಳಗೆ ಬಂದರೆ ಸಾಕು ಎಂದುಕೊಳ್ಳಬೇಡಿ. ವಲಯ ತ್ರಿಜ್ಯವನ್ನು ಕೇಳುವುದಿಲ್ಲ. ಮೇಲ್ಮೈಯ ಪ್ರತಿ ಬಿಂದುವೂ ತನ್ನೊಳಗಿದೆಯೇ ಎಂದಷ್ಟೇ ಕೇಳುತ್ತದೆ. ವಾಪಸ್ ಬಂದ ಭಾಗದ ತ್ರಿಜ್ಯ ಅಳೆದರೆ ಕರಾರುವಾಕ್ಕಾಗಿ 80.00 ಇತ್ತು. ಆದರೆ ಇಡೀ ಕಮಾನು ತಳದಿಂದ 0.25 ಮಿ.ಮೀ. ಮೇಲಕ್ಕೆ ಕೂತಿತ್ತು.

ಹಂತ 3: ವಿಚಲನವನ್ನು ಮೇಲ್ಮೈಗೆ ಲಂಬವಾಗಿ ಅಳೆಯಿರಿ. ಡಯಲ್ ಗೇಜನ್ನು ನೆಟ್ಟಗೆ ನಿಲ್ಲಿಸಿ ಕಮಾನಿನುದ್ದಕ್ಕೂ ಎತ್ತರ ನೋಡುವುದು ಬಹಳ ಜನರ ಅಡ್ಡದಾರಿ. ಈ ಭಾಗದಲ್ಲಿ ಅದು ಎಲ್ಲ ಕಡೆಯೂ 0.25 ತೋರಿಸುತ್ತದೆ, ಅಂದರೆ ಇಡೀ ಮೇಲ್ಮೈ ಎಲ್ಲೆ ಮೀರಿದೆ ಎನ್ನುತ್ತದೆ. ಅದು ಸುಳ್ಳು. ವಲಯದ ದಪ್ಪ ಇರುವುದು ಪ್ರತಿ ಬಿಂದುವಿನಲ್ಲಿ ನಿಜ ಪ್ರೊಫೈಲ್‌ಗೆ ಲಂಬವಾದ ದಿಕ್ಕಿನಲ್ಲಿ. ನೆತ್ತಿಯಿಂದ θ ಕೋನದಷ್ಟು ಸರಿದ ಬಿಂದುವಿನಲ್ಲಿ ಆ ದಿಕ್ಕಿನ ವಿಚಲನ ಹೆಚ್ಚುಕಡಿಮೆ ಇಷ್ಟು:

```
0.25 × cos θ
```

ನೆತ್ತಿಯಲ್ಲಿ +0.25, 45 ಡಿಗ್ರಿಯಲ್ಲಿ +0.177, ಅಂಚಿನ 60 ಡಿಗ್ರಿಯಲ್ಲಿ +0.125. ಎಲ್ಲೆ 0.2. ಹಾಗಾಗಿ ನೆತ್ತಿಯಿಂದ ಎರಡೂ ಬದಿಗೆ ಸುಮಾರು 37 ಡಿಗ್ರಿಯವರೆಗಿನ ಭಾಗ ಮಾತ್ರ ಹೊರಗೆ, ಉಳಿದದ್ದು ಒಳಗೆ. ಕವಚ ಉಜ್ಜಿದ ಗುರುತೂ ನಡುಭಾಗದಲ್ಲಿಯೇ ಇತ್ತು.

ಹಂತ 4: ಒಂದೇ ಸಂಖ್ಯೆ ಬೇಕಾದರೆ, ಅತಿ ದೊಡ್ಡ ವಿಚಲನವನ್ನು ಎರಡರಿಂದ ಗುಣಿಸಿ. ಸಹಿ ಹಾಕಿಸಿದ ಆ 0.125 ಬಂದದ್ದು ಹೀಗೆ: ತಂತ್ರಾಂಶ ಅತಿ ಹೆಚ್ಚಿನ ವಿಚಲನದಿಂದ ಅತಿ ಕಡಿಮೆಯದನ್ನು ಕಳೆದಿತ್ತು. 0.25ರಿಂದ 0.125 ಕಳೆದರೆ 0.125. ಇದು ಬಿಂದುಗಳು ಎಷ್ಟು ಚದುರಿವೆ ಎಂಬುದನ್ನು ಹೇಳುತ್ತದೆಯೇ ಹೊರತು ನಿಜ ಪ್ರೊಫೈಲ್‌ನಿಂದ ಎಷ್ಟು ದೂರ ಇವೆ ಎಂಬುದನ್ನಲ್ಲ. ಎಲ್ಲ ಬಿಂದುಗಳೂ ಒಟ್ಟಾಗಿ ಒಂದು ಮಿಲಿಮೀಟರ್ ಆಚೆ ಹೋಗಿ ನಿಂತರೂ ಈ ಲೆಕ್ಕ ಚಿಕ್ಕ ಸಂಖ್ಯೆಯನ್ನೇ ಕೊಟ್ಟೀತು.

ಸರಿಯಾದ ಪ್ರಶ್ನೆ ಬೇರೆ: ನಿಜ ಪ್ರೊಫೈಲ್‌ ನಟ್ಟನಡುವೆ ಇರುವಂತೆ ಎಷ್ಟು ದಪ್ಪದ ವಲಯ ಕಟ್ಟಿದರೆ ಈ ಬಿಂದುಗಳೆಲ್ಲ ಒಳಗೆ ಬರುತ್ತವೆ? ಅತಿ ದೂರದ ಬಿಂದು 0.25 ಹೊರಗಿದೆ. ಅದನ್ನು ಒಳಗೊಳ್ಳಲು ಹೊರಗೆ 0.25 ಬೇಕು, ವಲಯ ಸಮನಾಗಿ ಹಂಚಿಕೆಯಾಗಬೇಕಾದ್ದರಿಂದ ಒಳಗೂ 0.25. ಒಟ್ಟು 0.50. ಡ್ರಾಯಿಂಗ್ ಕೊಟ್ಟದ್ದು 0.4. ಭಾಗ ಫೇಲ್.

ವರದಿಯ ಒಂಟಿ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಕನಿಷ್ಠ ಮತ್ತು ಗರಿಷ್ಠ ವಿಚಲನಗಳನ್ನು ಪ್ಲಸ್ ಮೈನಸ್ ಚಿಹ್ನೆಗಳ ಸಮೇತ ಮುದ್ರಿಸದ ವರದಿಯನ್ನು ತಿರುಗಿ ಕಳುಹಿಸಿ. ಬಣ್ಣಬಣ್ಣದ ನಕ್ಷೆ ಅಂಟಿಸಿ ಬೀಗುವ ವರದಿಗಳೂ ಇವೆ. ಬಣ್ಣದ ಮಾಪಕವನ್ನು ±0.5ಕ್ಕೆ ಎಳೆದಿಟ್ಟರೆ ಎಂತಹ ಭಾಗವೂ ಹಸಿರಾಗಿಯೇ ಕಾಣುತ್ತದೆ.

ಹಂತ 5: ‘ಬೆಸ್ಟ್ ಫಿಟ್’ ಗುಂಡಿಯಿಂದ ಕೈ ತೆಗೆಯಿರಿ. ಅಳತೆಯ ಬಿಂದುಗಳನ್ನು ಜರುಗಿಸಿ, ತಿರುಗಿಸಿ ನಿಜ ಪ್ರೊಫೈಲ್‌ಗೆ ಆದಷ್ಟು ಹೊಂದಿಸುವುದು ಅದರ ಕೆಲಸ. ನಮ್ಮ ಭಾಗಕ್ಕೆ ಅದನ್ನು ಒತ್ತಿದರೆ ಕಮಾನು 0.25 ಕೆಳಗಿಳಿದು ದೋಷವೇ ಮಾಯವಾಗುತ್ತದೆ. ಡೇಟಮ್ ಇಲ್ಲದ ಪ್ರೊಫೈಲ್‌ಗೆ ಇದು ನ್ಯಾಯವೇ, ಏಕೆಂದರೆ ಅಲ್ಲಿ ಕೇಳಿದ್ದು ಆಕಾರ ಮತ್ತು ಗಾತ್ರವನ್ನು ಮಾತ್ರ. ಇಲ್ಲಿ ಮೂರು ಡೇಟಮ್‌ಗಳು ಕಮಾನನ್ನು ಕಟ್ಟಿಹಾಕಿವೆ, ಜರುಗಿಸುವ ಹಕ್ಕು ಯಾರಿಗೂ ಇಲ್ಲ.

ಹಂತ 6: 0.4ರ ಪಕ್ಕ ಇನ್ನೇನಾದರೂ ಬರೆದಿದೆಯೇ ನೋಡಿ. ವೃತ್ತದೊಳಗೆ U ಇದ್ದು ಮುಂದೆ 0.3 ಎಂದಿದ್ದರೆ ಅದು ಅಮೆರಿಕದ ಎಎಸ್‌ಎಂಇ ಮಾನಕದ ಪದ್ಧತಿ: ಒಟ್ಟು 0.4ರಲ್ಲಿ 0.3 ಲೋಹದ ಹೊರಬದಿಗೆ, ಉಳಿದ 0.1 ಒಳಬದಿಗೆ. ಇದೇ ವಲಯವನ್ನು ಐಎಸ್‌ಒ ಪದ್ಧತಿಯಲ್ಲಿ UZ +0.1 ಎಂದು ಬರೆಯುತ್ತಾರೆ. ಅಲ್ಲಿನ ಸಂಖ್ಯೆ ವಲಯದ ನಡುಗೆರೆ ಎಷ್ಟು ಸರಿದಿದೆ ಎಂಬುದು. ವಲಯ ಒಂದೇ, ಸಂಖ್ಯೆ ಬೇರೆ. ಯಾವ ಪದ್ಧತಿಯ ಡ್ರಾಯಿಂಗ್ ಎಂದು ನೋಡದೆ ಇದನ್ನು ಓದಲೇಬೇಡಿ. ಇವು ಇದ್ದಾಗ ಎರಡರಿಂದ ಗುಣಿಸುವ ಹಂತ 4ರ ಲೆಕ್ಕವೂ ನೇರವಾಗಿ ನಡೆಯುವುದಿಲ್ಲ. ಸರಿದ ನಡುಗೆರೆಯಿಂದ ಅಳೆಯಬೇಕು ಅಥವಾ ಎರಡು ಎಲ್ಲೆಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಇನ್ನು ಆ ಭಾಗದ ಕತೆ. ವಿಚಲನಗಳೆಲ್ಲ ಪ್ಲಸ್ ಆಗಿದ್ದವು, ಅಂದರೆ ತೆಗೆಯಬೇಕಾದ ಲೋಹ ಇನ್ನೂ ಮೈಮೇಲೆ ಉಳಿದಿತ್ತು. ನೆತ್ತಿಯಿಂದ ಅಂಚಿಗೆ ಕೊಸೈನ್‌ನಂತೆ ಇಳಿಯುವ ಸಂಖ್ಯೆಗಳು ಕಮಾನು ಇದ್ದಂತೆಯೇ ಮೇಲೆದ್ದಿದೆ ಎಂದು ಸಾರುತ್ತಿದ್ದವು. ಉಪಕರಣ ಸವೆದು ಹೀಗಾಗಿದ್ದರೆ ಸಂಖ್ಯೆಗಳು ಅಷ್ಟು ಚೊಕ್ಕಟವಾಗಿ ಇಳಿಯುತ್ತಿರಲಿಲ್ಲ. ವಿಚಾರಿಸಿದಾಗ ಕಾರಣ ಸಿಕ್ಕಿತು. ಯಂತ್ರದ ಸೊನ್ನೆ ಹಿಡಿಯುವಾಗ ತಳ ಕೂರುವ ಫಲಕ ಮತ್ತು ಉಪಕರಣದ ನಡುವೆ 0.25ರ ಫೀಲರ್ ಗೇಜ್ ಇಟ್ಟಿದ್ದರು, ಅದರ ದಪ್ಪ ಕಳೆಯುವುದನ್ನು ಮರೆತಿದ್ದರು. ಸೊನ್ನೆಯನ್ನು 0.25 ಇಳಿಸಿ ಅದೇ ಪ್ರೋಗ್ರಾಂ ಇನ್ನೊಮ್ಮೆ ಓಡಿಸಿದರು.