ಹಲ್ಲಿನ ಕ್ಲೇಮ್ ತಿರಸ್ಕಾರ: ಎರಡನೇ ಪತ್ರದಲ್ಲಿ ಏನು ಬದಲಾಯಿಸಿದೆ

ಬೈಕಿನಿಂದ ಬಿದ್ದು ದವಡೆ ಮುರಿದಿತ್ತು, ಮುಂದಿನ ಎರಡು ಹಲ್ಲು ಹೋಗಿದ್ದವು. ಮೂರು ದಿನ ಆಸ್ಪತ್ರೆಯಲ್ಲಿದ್ದೆ. ವಿಮಾ ಕಂಪನಿಯವರು "ಹಲ್ಲಿನ ಚಿಕಿತ್ಸೆಗೆ ಪಾಲಿಸಿಯಲ್ಲಿ ರಕ್ಷಣೆ ಇಲ್ಲ" ಎಂದು ಇಡೀ ಕ್ಲೇಮ್ ತಿರಸ್ಕರಿಸಿದರು.

ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ಅದೇ ಬಿಲ್ಲುಗಳನ್ನು ಮತ್ತೆ ಕಳಿಸಿದೆ. ನೋವು, ಖರ್ಚು ಎಲ್ಲಾ ಬರೆದು ಉದ್ದದ ಇಮೇಲ್ ಹಾಕಿದೆ. ಯಾವುದೂ ಕೆಲಸ ಮಾಡಲಿಲ್ಲ.

ಆಮೇಲೆ ಪಾಲಿಸಿಯ ಪೂರ್ತಿ ಪುಸ್ತಿಕೆ ಓದಿದೆ. ಹಲ್ಲಿನ ಚಿಕಿತ್ಸೆ ಇಲ್ಲ ಎಂಬ ವಾಕ್ಯದ ಕೊನೆಯಲ್ಲೇ "ಅಪಘಾತದಿಂದ ಆಸ್ಪತ್ರೆಗೆ ದಾಖಲಾದರೆ ಹೊರತು" ಎಂದಿತ್ತು. ತಿರಸ್ಕಾರ ಪತ್ರದಲ್ಲಿ ಆ ತುದಿಯನ್ನೇ ಬಿಟ್ಟಿದ್ದರು. ಆದರೆ ತಪ್ಪು ನನ್ನ ಕಾಗದದಲ್ಲೂ ಇತ್ತು: ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಪಘಾತದ ಮಾತೇ ಇರಲಿಲ್ಲ, ಸುಮ್ನೆ "ಹಲ್ಲು ತೆಗೆದಿದೆ" ಎಂದಷ್ಟೇ.

ಮೊದಲು ಸರ್ಜನ್ ಹತ್ತಿರ ಒಂದು ಪುಟದ ಪತ್ರ ಬರೆಸಿದೆ: ಬಿದ್ದ ದಿನ, ದವಡೆ ಮುರಿತ, ಯಾವ ಹಲ್ಲುಗಳು, ದಾಖಲಾಗದೆ ಏಕೆ ಆಗುತ್ತಿರಲಿಲ್ಲ. ಅದಕ್ಕೆ ಬಿದ್ದ ದಿನದ ಎಕ್ಸ್‌ರೇ, ತುರ್ತು ವಿಭಾಗದ ಚೀಟಿ ಸೇರಿಸಿದೆ. ಮೇಲ್ಮನವಿಯ ಮೊದಲ ಸಾಲಲ್ಲಿ ಕ್ಲೇಮ್ ಸಂಖ್ಯೆ, ಎರಡನೆಯದರಲ್ಲಿ ಪಾಲಿಸಿಯ ಆ ಪೂರ್ತಿ ವಾಕ್ಯ, ಪುಟ ಸಂಖ್ಯೆಯ ಜೊತೆ. ಆಮೇಲೆ ಪ್ರತಿ ಸಾಕ್ಷ್ಯಕ್ಕೂ ಒಂದೊಂದೇ ವಾಕ್ಯ. ಕಸ್ಟಮರ್ ಕೇರ್‌ಗಲ್ಲ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಂಡೆ.

ಹನ್ನೊಂದನೇ ದಿನ ಆಸ್ಪತ್ರೆ ಬಿಲ್ ಮಂಜೂರಾಯಿತು. ಆಮೇಲೆ ಕ್ಲಿನಿಕ್ಕಿನಲ್ಲಿ ಹಾಕಿಸಿದ ಕೃತಕ ಹಲ್ಲಿಗೆ ಕೊಡಲಿಲ್ಲ, ಅದಕ್ಕೆ ದಾಖಲಾಗಿರಲಿಲ್ಲವಲ್ಲ. ಕಂಪನಿಯಿಂದ 30 ದಿನದಲ್ಲಿ ಉತ್ತರ ಬರದಿದ್ದರೆ, ಕಂಪನಿಯ ಹೊರಗಿದ್ದು ವಿಮಾ ದೂರುಗಳನ್ನು ಕೇಳುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅಲ್ಲಿ ಶುಲ್ಕವಿಲ್ಲ.