ಗುಂಪಿನಲ್ಲೂ ಕಣ್ಣಿಗೆ ಬೀಳಲಿ: ಮಗುವಿನ ಬ್ಯಾಗು, ಬಾಟಲಿ, ಪೆನ್ಸಿಲಿಗೆ ಬಣ್ಣ ಆರಿಸುವುದು ಹೇಗೆ?

ಅಂಗಡಿಯಲ್ಲಿ ಥಳಥಳಿಸಿದ ಬ್ಯಾಗು ಶಾಲೆಯ ಬ್ಯಾಗುಗಳ ಸಾಲಿಗೆ ಸೇರಿದ ಮೇಲೆ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ವಸ್ತು ಕಣ್ಣಿಗೆ ಬೀಳುವುದು ಅದರ ಸುತ್ತ ಏನಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಕೊಳ್ಳಲು ಹೋಗುವ ಮುಂಚೆ ಒಮ್ಮೆ ತರಗತಿಯತ್ತ ಕಣ್ಣು ಹಾಯಿಸಿ. ಹೆಚ್ಚಿನ ಮಕ್ಕಳ ಬ್ಯಾಗು ಯಾವ ಬಣ್ಣದ್ದು? ಬೆಂಚು, ನೆಲ ಯಾವ ಬಣ್ಣದವು? ನೀರಿನ ಬಾಟಲಿಗಳನ್ನು ಎಲ್ಲಿ ಇಡುತ್ತಾರೆ? ಇವಿಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಎಲ್ಲಕ್ಕೂ ಒಂದೇ ಗುರುತಿನ ಬಣ್ಣ

ಬ್ಯಾಗಿಗೊಂದು, ಬಾಟಲಿಗೊಂದು, ಪೌಚಿಗೊಂದು ಬಣ್ಣ ಕೊಟ್ಟರೆ ಮಗು ಅಷ್ಟನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತದೆ. ಅದರ ಬದಲು ಒಂದೇ ಬಣ್ಣವನ್ನು ಆರಿಸಿ, ಎಲ್ಲ ವಸ್ತುಗಳ ಮೇಲೂ ಅದರ ಪಟ್ಟಿ ಹಾಕಿ. ಗುಂಪಿನಲ್ಲಿ ಒಂದೇ ಒಂದು ವಸ್ತುವಿಗೆ ಬೇರೆ ಬಣ್ಣವಿದ್ದರೆ ಹುಡುಕುವ ಮುಂಚೆಯೇ ಕಣ್ಣು ಅಲ್ಲಿಗೆ ಹೋಗುತ್ತದೆ. "ನೀಲಿಯದ್ದೇ, ಆದರೆ ಕೆಂಪು ಜಿಪ್ ಇರುವುದು" ಎಂದು ಎರಡು ಗುರುತು ಸೇರಿಸಿ ಹುಡುಕಬೇಕಾದರೆ ಒಂದೊಂದನ್ನೇ ನೋಡುತ್ತಾ ಹೋಗಬೇಕು.

ಒಂದು ಉದಾಹರಣೆ ನೋಡೋಣ. ಮಗುವಿನ ಬಳಿ ಕಡುನೀಲಿ ಬ್ಯಾಗು, ಸ್ಟೀಲ್ ಬಾಟಲಿ, ಹಳದಿ ಪೆನ್ಸಿಲುಗಳಿವೆ. ಬೆಂಚು ಕಂದು ಬಣ್ಣದ ಮರದ್ದು. ಮೊದಲು ಹೊಳೆಯುವುದು ಕಿತ್ತಳೆ. ಕಡುನೀಲಿಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಕಂದು ಎಂದರೆ ಮಂದವಾದ ಕಿತ್ತಳೆಯೇ, ಹಾಗಾಗಿ ಬೆಂಚಿನ ಮೇಲೆ ಈ ಪಟ್ಟಿ ಹೊಂದಿಕೊಂಡುಬಿಡುತ್ತದೆ. ಹಳದಿ ಪೆನ್ಸಿಲಿನ ಮೇಲೂ ಅಷ್ಟಕ್ಕಷ್ಟೆ. ಕೆಂಪೋ, ಮಬ್ಬು ಬೆಳಕಿನಲ್ಲಿ ಬಹುಬೇಗ ಕಪ್ಪಿನಂತೆ ಕಾಣುತ್ತದೆ. ಹಸಿರು ಆರಿಸಿದರೆ ಇನ್ನೊಂದು ತೊಡಕು: ಕೆಲವು ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಹಸಿರು, ಕಂದು, ಕೆಂಪುಗಳ ವ್ಯತ್ಯಾಸ ಹುಟ್ಟಿನಿಂದಲೇ ಸರಿಯಾಗಿ ತಿಳಿಯುವುದಿಲ್ಲ. (ಕ್ರೇಯಾನುಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುವಾಗ ಮಗು ಪದೇ ಪದೇ ಇವನ್ನು ಬೆರೆಸುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ.) ಈ ಮಗುವಿಗೆ ನಾನು ಆರಿಸುವುದು ಆಕಾಶನೀಲಿ, ಅದರ ಅಂಚಿಗೆ ಬಿಳಿ. ಮರದ ಮೇಲೂ ಹಳದಿಯ ಮೇಲೂ ನೀಲಿ ಬೇರೆಯಾಗಿ ನಿಲ್ಲುತ್ತದೆ, ಕಡುನೀಲಿ ಬ್ಯಾಗಿನ ಮೇಲೆ ಬಿಳಿ ಕೈಹಿಡಿಯುತ್ತದೆ.

ಪಟ್ಟಿ ಎಲ್ಲಿ, ಎಷ್ಟು ಅಗಲ?

ಬ್ಯಾಗಿಗೆ ಅಂಗೈ ಅಗಲದ ಬಟ್ಟೆ ತುಂಡು ಹೊಲಿಯಿರಿ. ಒಂದು ಮುಂಭಾಗದಲ್ಲಿರಲಿ, ಇನ್ನೊಂದನ್ನು ಮೇಲಿನ ಹಿಡಿಕೆಗೆ ಸುತ್ತಿ. ಬ್ಯಾಗುಗಳನ್ನು ಒತ್ತೊತ್ತಾಗಿ ಜೋಡಿಸಿದಾಗ ಕಾಣುವುದು ಹಿಡಿಕೆ ಮಾತ್ರ. ಸಣ್ಣ ಚಿತ್ರಗಳ ಚಿತ್ತಾರ ಮಕ್ಕಳಿಗೆ ಇಷ್ಟ, ಆದರೆ ದೂರದಿಂದ ಎಲ್ಲ ಬಣ್ಣಗಳೂ ಕಲಸಿ ಬೂದಿಯಂತಾಗುತ್ತವೆ. ಆ ಆಸೆಯನ್ನು ಪೌಚಿನಲ್ಲಿ ತೀರಿಸಿ.

ಸ್ಟೀಲ್ ಬಾಟಲಿ ಸುತ್ತಲಿನ ಬಣ್ಣವನ್ನೇ ಪ್ರತಿಫಲಿಸುವುದರಿಂದ ಎಲ್ಲಿಟ್ಟರೂ ಅಲ್ಲಿಯದೇ ಆಗಿಬಿಡುತ್ತದೆ. ಎರಡು ಬೆರಳಗಲದ ಪಟ್ಟಿ ಬೇಕೇ ಬೇಕು. ಮುಚ್ಚಳಕ್ಕೂ ಪ್ರತ್ಯೇಕ ಗುರುತು ಹಾಕಿ, ಏಕೆಂದರೆ ನಲ್ಲಿಯ ಬಳಿ ಉಳಿದುಹೋಗುವುದು ಮುಚ್ಚಳ. ವೈರಿಗೆ ಸುತ್ತುವ ಇನ್ಸುಲೇಶನ್ ಟೇಪ್ ಇದಕ್ಕೆ ಸಾಕು. ಬಾಯಿ ತಾಗುವ ಜಾಗದಿಂದ ದೂರದಲ್ಲಿ, ಒಣಗಿದ ಬಾಟಲಿಯ ಮೇಲೆ ಸುತ್ತಿ. ಅಂಚು ಎದ್ದು ಅಂಟಂಟಾದಾಗ ಕಿತ್ತು ಹೊಸದು ಹಾಕಿ. ಪೆನ್ಸಿಲಿಗೆ ಅದೇ ಟೇಪನ್ನು ಹರಿತಮಾಡದ ತುದಿಯಲ್ಲಿ 2 ಸೆಂ.ಮೀ. ಸುತ್ತಿದರೆ ಮೋಟಾಗುವವರೆಗೂ ಗುರುತು ಉಳಿಯುತ್ತದೆ. ಬಿಳಿ ರಬ್ಬರ್ ಬಿಳಿ ಹಾಳೆಯ ಮೇಲೆ ಮಾಯವಾಗುತ್ತದೆ, ಅದನ್ನು ಬಣ್ಣದ್ದೇ ಕೊಳ್ಳಿ.

ಹೆಸರನ್ನು ಒಳಭಾಗದಲ್ಲಿ ಬರೆಯಿರಿ. ಬ್ಯಾಗಿನ ಹೊರಗೆ ದೊಡ್ಡದಾಗಿ ಬರೆದರೆ ಅಪರಿಚಿತರೂ ಮಗುವನ್ನು ಹೆಸರು ಹಿಡಿದು ಕರೆಯಬಹುದು.

ಕಳೆದುಹೋಯಿತು ಎಂದುಕೊಂಡ ಎಷ್ಟೋ ವಸ್ತುಗಳು ಬ್ಯಾಗಿನ ತಳದಲ್ಲೇ ಇರುತ್ತವೆ. ಕಪ್ಪು ಒಳಬಟ್ಟೆಯ ಬ್ಯಾಗಿನಲ್ಲಿ ಕಪ್ಪು ಶಾರ್ಪನರ್ ಹುಡುಕುವುದು ದೊಡ್ಡವರಿಗೂ ಕಷ್ಟ. ಬ್ಯಾಗಿನದೂ ಪೌಚಿನದೂ ಒಳಬಟ್ಟೆ ತಿಳಿಬಣ್ಣದ್ದಾಗಿರಲಿ.

ಪರೀಕ್ಷಿಸಿ ನೋಡಿ

ವಸ್ತುಗಳನ್ನು ಬೆಂಚಿನದೇ ಬಣ್ಣದ ಮೇಜಿನ ಮೇಲಿಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ಫೋನಿನಲ್ಲಿ ಫೋಟೊ ತೆಗೆಯಿರಿ. ಅದನ್ನು ಕಪ್ಪು-ಬಿಳುಪಿಗೆ ಬದಲಿಸಿ. ಪಟ್ಟಿ ಆಗಲೂ ಬೇರೆಯಾಗಿ ಕಂಡರೆ ಮಬ್ಬು ಬೆಳಕಿನಲ್ಲೂ ಕಾಣುತ್ತದೆ. ಹಿನ್ನೆಲೆಯಲ್ಲಿ ಕರಗಿಹೋದರೆ ಬಣ್ಣ ಬದಲಿಸುವ ಅಗತ್ಯವಿಲ್ಲ, ಬಿಳಿ ಅಥವಾ ಕಪ್ಪು ಅಂಚನ್ನು ಅಗಲ ಮಾಡಿ.

ಆಮೇಲೆ ಮಗುವನ್ನು ಕೂರಿಸಿಕೊಂಡು, ಮನೆಯವರ ನಾಲ್ಕಾರು ಬ್ಯಾಗು, ಬಾಟಲಿಗಳ ನಡುವೆ ತನ್ನದನ್ನು ಹುಡುಕಿಸಿ. ತಡವರಿಸಿದರೆ ಪಟ್ಟಿಯ ಜಾಗ ಬದಲಿಸಿ. ಮುಂದಿನ ವರ್ಷ ಬ್ಯಾಗು ಬದಲಾದರೂ ಗುರುತಿನ ಬಣ್ಣ ಅದೇ ಇರಲಿ. ಅದೇ ಶಾಲೆಗೆ ತಮ್ಮನೋ ತಂಗಿಯೋ ಸೇರಿದಾಗ ಅವರಿಗೆ ಬೇರೆ ಬಣ್ಣ ಕೊಡಿ. ಅಕ್ಕನ ಹಳೆಯ ಬಾಟಲಿ ಅವರ ಪಾಲಿಗೆ ಬಂದರೆ ಹಳೆಯ ಟೇಪನ್ನು ಕಿತ್ತು ಹೊಸದನ್ನು ಸುತ್ತಿಯೇ ಕಳಿಸಿ.